ಹುಡುಗನ ಪಾಸ್‌ವರ್ಡ್ ಸರಿ ಅದ, ಆದ್ರೂ ಗೂಗಲ್ ಯಾಕ ಒಳಗ ಬಿಡವಲ್ದು?

[ಲ್ಯಾಪ್‌ಟಾಪ್, ಲಾಗಿನ್ ಪುಟ]

ನಮಸ್ಕಾರ್ರಿ. ನೋಡುಗರೊಬ್ರ ಪ್ರಶ್ನಿ ಭಾಳ ಮಜಾ ಅದ. ಅಪ್ಪ ಬೆಂಗಳೂರಿನ್ಯಾಗ ಕೆಲಸಕ್ಕ, ಅವ್ವ-ಮಗ ಕಲಬುರಗಿ ಮನ್ಯಾಗ. ಹತ್ತು ವರ್ಷದ ಮಗ ಹೊಸ ಲ್ಯಾಪ್‌ಟಾಪಿನ್ಯಾಗ ತನ್ನ ಜೀಮೇಲ್ ಹಾಕ್ಯಾನ, ಪಾಸ್‌ವರ್ಡೂ ಸರಿ ಹಾಕ್ಯಾನ. ಆದ್ರೂ "ಪಾಲಕರ ಒಪ್ಪಿಗಿ ಬೇಕು" ಅಂತ ನಿಂತುಬಿಟ್ಟದ.

ಅಕೌಂಟ್ ಫ್ಯಾಮಿಲಿ ಲಿಂಕ್‌ದು, ಅಂದ್ರ ಸಣ್ಣ ಮಕ್ಕಳ ಅಕೌಂಟ್ ಪಾಲಕರು ನೋಡಿಕೊಳ್ಳಲಿಕ್ಕೆ ಗೂಗಲ್ ಕೊಟ್ಟ ಸೌಲಭ್ಯ. ಅದಕ್ಕೇ ಹೊಸ ಲ್ಯಾಪ್‌ಟಾಪಿನ್ಯಾಗ ಪಾಲಕರ ಒಪ್ಪಿಗಿ ಕೇಳ್ತದ.

[ಪಾಲಕರ ಇಮೇಲ್ ಆರಿಸೋ ಪರದಿ]

ಮಗನ ಪಾಸ್‌ವರ್ಡ್ ಆದಮ್ಯಾಲೆ ಪಾಲಕರ ಇಮೇಲ್ ಕಾಣ್ತದ. ಒಂದು ಆರಿಸಿ, ಆ ದೊಡ್ಡವರ ಪಾಸ್‌ವರ್ಡ್ ಅಲ್ಲೇ ಹಾಕಬೇಕು. ಭಾಳ ಮಂದಿ ಇಲ್ಲೇ ಅಂಜ್ತಾರ: "ನನ್ನ ಮೇಲ್ ಎಲ್ಲ ಹುಡುಗನ ಕೈಗೆ ಹೋಯ್ತಲ್ಲ!" ಹೋಗಂಗಿಲ್ರಿ. ಪೋಸ್ಟ್ ಆಫೀಸಿನ್ಯಾಗ ಮಗನ ಹೆಸರಿನ ಪಾಸ್‌ಬುಕ್ಕಿಗೆ ಪಾಲಕರು ಸಹಿ ಹಾಕ್ತಾರಲ್ಲ, ಹಂಗ. ಸಹಿ ನಿಮ್ದು, ಪಾಸ್‌ಬುಕ್ ಮಗಂದು. ಒಳಗ ಹೋಗೋದು ಮಗನ ಅಕೌಂಟ್ ಒಂದೇ.

ಖರೇ ಅಂಜಬೇಕಾದ್ದು ಬ್ಯಾರೆ ಅದ. ಪಾಸ್‌ವರ್ಡ್ ಹಾಕಿದ ಕೂಡ್ಲೆ ಬ್ರೌಸರ್ ಮೂಲ್ಯಾಗ ಸಣ್ಣ ಡಬ್ಬಿ ತೆಗೀತದ, "ಇದನ್ನ ಉಳಿಸಿಡ್ಲೇನು?" ಅಂತ. ಅವಸರದಾಗ ಹೂಂ ಒತ್ತಿದ್ರಿ, ಮುಂದಿನ ಸಲ ಒಪ್ಪಿಗಿ ಕೊಡಾಂವ ನಿಮ್ಮ ಮಗನೇ! ಅದಕ್ಕ Never ಒತ್ರಿ.

ಅಪ್ಪನ ಅಕೌಂಟಿಗೆ ಎರಡು ಹಂತದ ಭದ್ರತಾ ಇದ್ರ, ಬೆಂಗಳೂರಿನ ಫೋನಿಗೆ "ನೀವೇ ಏನು?" ಅಂತ ಬರ್ತದ. ಅಪ್ಪ ಹೌದು ಅಂತ ಒತ್ತಬಹುದು. ಆದ್ರ ಅದಕ್ಕಿಂತ ಮೊದಲು ಪಾಸ್‌ವರ್ಡ್ ಇಲ್ಲಿ ಯಾರೋ ಹಾಕಬೇಕಲ್ಲ? ವಾಟ್ಸಾಪಿನ್ಯಾಗ ಕಳಿಸೋದು ಶಾಣ್ಯಾತನ ಅಲ್ರಿ.

[ಅವ್ವನ ಫೋನ್]

ಹಂಗಾದ್ರ ಬಾಜೂಕೇ ಕುಂತ ಅವ್ವ ಯಾಕ ಒಪ್ಪಿಗಿ ಕೊಡಬಾರ್ದು? ಆ ಯಾದಿಯೊಳಗ ಆಕಿ ಇಮೇಲೇ ಇಲ್ಲ. ಗೂಗಲ್‌ನ್ಯಾಗ ಮನಿಯವರ ಅಕೌಂಟ್ ಕೂಡಿಸಿ ಕುಟುಂಬದ ಗ್ರೂಪ್ ಮಾಡಿದಾಂವ ಅಪ್ಪ, ಅವನೇ ಮ್ಯಾನೇಜರ್. ಅವ್ವನ್ನ ಗ್ರೂಪಿಗೆ ಸೇರಿಸ್ಯಾನ, ಆದ್ರ ಬರೇ ಸದಸ್ಯಳಾಗಿ. ಹೆತ್ತಾಕಿ ಆದ್ರೇನು, ಗೂಗಲ್ ಲೆಕ್ಕದಾಗ ಆಕಿ "ಪಾಲಕಿ" ಅಲ್ಲ! ಆ ಹಕ್ಕ ಮ್ಯಾನೇಜರ್ ಬ್ಯಾರೆ ಕೊಡಬೇಕು.

ಅಪ್ಪ ತನ್ನ ಫೋನಿನ್ಯಾಗ Family Link ತೆಗೆದು, ಕುಟುಂಬದ ಗ್ರೂಪಿಗೆ ಹೋಗಿ, ಪಾಲಕರ ಹಕ್ಕು ಕೊಡೋ ಜಾಗಾದಾಗ ಅವ್ವನ ಹೆಸರು ಆರಿಸಿ ಖಾತ್ರಿ ಮಾಡಿದ್ರ ಆಯ್ತು. ಆಮ್ಯಾಲೆ ಮಗ ಮತ್ತ ಮೊದಲಿಂದ ಲಾಗಿನ್ ಮಾಡ್ಲಿ, ಅವ್ವ ತನ್ನ ಇಮೇಲ್ ಆರಿಸಿ ತನ್ನ ಪಾಸ್‌ವರ್ಡ್ ಹಾಕ್ತಾಳ.

ಟೈಮ್ ಆಯ್ತು, ಉಳಿದದ್ದು ಜಲ್ದಿ ಹೇಳ್ತೀನಿ. ಅವ್ವ ಗ್ರೂಪಿನ್ಯಾಗೇ ಇಲ್ಲಂದ್ರ ಮೊದಲು ಸೇರಿಸ್ರಿ. ಅಪ್ಪನ್ನ ಹಿಡಿದು ಒಟ್ಟು 6 ಮಂದಿಗೆ ಜಾಗಾ ಅದ. ಆಕಿ ಮೊದಲೇ ತಮ್ಮನ ಗ್ರೂಪಿನ್ಯಾಗ ಇದ್ರ ಅದನ್ನ ಬಿಟ್ಟು ಬರಬೇಕು, ಮತ್ತ 12 ತಿಂಗಳಿನ್ಯಾಗ ಒಂದೇ ಸಲ ಗ್ರೂಪ್ ಬದಲಿ ಮಾಡ್ಲಿಕ್ಕೆ ಬರ್ತದ. ಅದಕ್ಕ ಬಿಡೂಕಿಂತ ಮೊದಲು ತಮ್ಮಗ ಒಂದು ಫೋನ್ ಹಚ್ಚ್ರಿ.