ಫೋನಿನಲ್ಲಿ ಕಂಡ ಮೈಬಣ್ಣ, ಆಲ್ಬಮ್ಮಿನಲ್ಲಿ ಬಂದ ಮೈಬಣ್ಣ

(ಮಂಡ್ಯದಲ್ಲಿ ಸ್ಟುಡಿಯೋ ಛಾಯಾಗ್ರಾಹಕರಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯಿಂದಲೂ ಸ್ಟುಡಿಯೋದವರು ಬಂದಿದ್ದೀರಿ. ಮದುವೆ ಸೀಸನ್ ಮುಗಿಯುತ್ತಿದ್ದಂತೆ ನಮ್ಮೆಲ್ಲರ ಬಾಗಿಲಿಗೂ ಒಂದು ದೂರು ಬರುತ್ತದೆ. "ಅಣ್ಣಾ, ವಾಟ್ಸಾಪಲ್ಲಿ ಕಳಿಸಿದಾಗ ಚೆನ್ನಾಗಿತ್ತಲ್ಲ, ಆಲ್ಬಮ್ಮಲ್ಲಿ ಯಾಕೆ ನಮ್ ಹುಡುಗಿ ಮುಖದಲ್ಲಿ ಕಳೆನೇ ಇಲ್ಲ?" ನಾವು ಮೈಸೂರಿನ ಲ್ಯಾಬಿಗೆ ಫೋನ್ ಮಾಡುತ್ತೇವೆ. ಅವರು "ನೀವು ಕೊಟ್ಟ ಫೈಲೇ ಹಾಗಿದೆ ಸಾರ್" ಅನ್ನುತ್ತಾರೆ. ಬಹಳಷ್ಟು ಸಲ ಅವರು ಹೇಳುವುದು ನಿಜ. ಅದು ಹೇಗೆ ಎನ್ನುವುದನ್ನು ಇವತ್ತು ಒಂದೇ ಒಂದು ಫೋಟೋ ಇಟ್ಟುಕೊಂಡು ನೋಡೋಣ.

ಛತ್ರದಲ್ಲಿ ಧಾರೆ ಮುಗಿದಿದೆ. ಮದುಮಗಳದು ನಮ್ಮ ಕಡೆಯ ಗೋಧಿಬಣ್ಣ, ಸ್ವಲ್ಪ ಗಾಢ. ಮನೆಯವರು ರಾತ್ರಿಯೇ ಫೋಟೋ ಕೇಳಿದ್ದಾರೆ. ಹತ್ತು ಗಂಟೆಗೆ ನೀವು ಫೋನಿನಲ್ಲೇ ಎಡಿಟ್ ಮಾಡಲು ಕೂತಿದ್ದೀರಿ. ಸಂಜೆಯಾಗುತ್ತಲೇ ಫೋನಿನ Night Shift ಅಥವಾ ಅಂಥದ್ದೇ ಕಣ್ಣಿಗೆ ತಂಪು ಕೊಡುವ ಮೋಡ್ ತಾನೇ ಆನ್ ಆಗಿರುತ್ತದೆ. ಅದು ತೆರೆಯ ನೀಲಿಯನ್ನು ತಗ್ಗಿಸುತ್ತದೆ, ಎಲ್ಲವೂ ಹಳದಿಗೆ ತಿರುಗುತ್ತದೆ. ಮದುಮಗಳ ಮುಖಕ್ಕೆ ಅರಿಶಿನ ಹೆಚ್ಚಾದಂತೆ ಕಾಣುತ್ತದೆ. ನೀವು ಟೆಂಪರೇಚರ್ ಸ್ಲೈಡರನ್ನು ನೀಲಿ ಕಡೆಗೆ ಎಳೆಯುತ್ತೀರಿ. ಮುಖ ಸರಿಯಾಯಿತು ಅನ್ನಿಸುತ್ತದೆ. ಆದರೆ ಆ ಹಳದಿ ಇದ್ದದ್ದು ತೆರೆಯಲ್ಲಿ ಮಾತ್ರ, ಫೈಲಿನಲ್ಲಿ ಇರಲೇ ಇಲ್ಲ. ಈಗ ಫೈಲಿಗೆ ನೀವು ನೀಲಿ ಸೇರಿಸಿದ್ದೀರಿ. ಕಾಗದಕ್ಕೆ Night Shift ಇಲ್ಲ, ಹಾಗಾಗಿ ಪ್ರಿಂಟಿನಲ್ಲಿ ಆ ಮುಖ ಬೂದಿ ಹಚ್ಚಿದ ಹಾಗೆ ಬರುತ್ತದೆ.

ಇದೊಂದನ್ನು ದಯವಿಟ್ಟು ನೆನಪಿಡಿ: ತೆರೆ ಯಾವ ಕಡೆಗೆ ವಾಲಿರುತ್ತದೋ, ಪ್ರಿಂಟು ಅದರ ಎದುರು ಕಡೆಗೆ ಕೆಡುತ್ತದೆ. ತೆರೆ ಹಳದಿಯಾದರೆ ಪ್ರಿಂಟು ನೀಲಿ. ತೆರೆಯ ಬೆಳಕು ವಿಪರೀತವಾದರೆ ಪ್ರಿಂಟು ಕತ್ತಲು, ಏಕೆಂದರೆ ಮುಖ ಆಗಲೇ ಬೆಳ್ಳಗಿದೆ ಎಂದುಕೊಂಡು ನೀವು ಎಕ್ಸ್‌ಪೋಷರ್ ಏರಿಸುವುದೇ ಇಲ್ಲ. ಅನೇಕ ಫೋನುಗಳು Vivid ಮೋಡಿನಲ್ಲೇ ಬರುತ್ತವೆ. ಅದು ಕೆಂಪು, ಕಿತ್ತಳೆಯನ್ನು ಉಬ್ಬಿಸಿ ತೋರಿಸುತ್ತದೆ, ನಮ್ಮ ಮೈಬಣ್ಣ ಇರುವುದೇ ಆ ಜಾಗದಲ್ಲಿ. ಕೆನ್ನೆ ಕೆಂಪಾಯಿತೆಂದು ಸ್ಯಾಚುರೇಷನ್ ಇಳಿಸಿದರೆ ಕಾಗದದ ಮೇಲೆ ರಕ್ತವೇ ಇಲ್ಲದ ಮುಖ ಸಿಗುತ್ತದೆ. ಆದ್ದರಿಂದ ಕೆಟ್ಟ ಪ್ರಿಂಟು ಕೈಗೆ ಬಂದಾಗ ಲ್ಯಾಬಿನ ಮೇಲೆ ರೇಗುವ ಮೊದಲು ಅದರಲ್ಲಿ ಕಂಡ ದೋಷವನ್ನು ಉಲ್ಟಾ ಮಾಡಿ ಓದಿ. ನಿಮ್ಮ ತೆರೆಗೆ ಏನಾಗಿದೆ ಎಂದು ಅದೇ ಹೇಳುತ್ತದೆ.

ಹಾಗಾದರೆ ಕಣ್ಣನ್ನು ನಂಬದೆ ಇದನ್ನು ಹಿಡಿಯುವುದು ಹೇಗೆ? ಫೈಲಿನೊಳಗಿನ ಅಂಕಿಗಳು ತೆರೆ ಹೇಗಿದ್ದರೂ ಬದಲಾಗುವುದಿಲ್ಲ. ಫೋಟೋಶಾಪಿನಲ್ಲಿ F8 ಒತ್ತಿದರೆ Info ಪ್ಯಾನೆಲ್ ತೆರೆಯುತ್ತದೆ. ಅದರ ಒಂದು ಭಾಗವನ್ನು Lab ಎಂಬ ಬಣ್ಣದ ಅಳತೆಗೆ ಬದಲಿಸಿಕೊಳ್ಳಿ. ಐಡ್ರಾಪರಿನ ಸ್ಯಾಂಪಲ್ ಸೈಜ್ 5×5 ಇರಲಿ, ಒಂದೇ ಪಿಕ್ಸೆಲ್ ಓದಿದರೆ ಚರ್ಮದ ರಂಧ್ರವೋ ಮೇಕಪ್ಪಿನ ಮಿಂಚೋ ಸಿಕ್ಕಿ ಲೆಕ್ಕ ತಪ್ಪುತ್ತದೆ. ಹೊಳಪೂ ಇಲ್ಲದ, ನೆರಳೂ ಇಲ್ಲದ ಕೆನ್ನೆಯ ಜಾಗಕ್ಕೆ ಹೋಗಿ. ಬ್ಲಶ್ ಹಚ್ಚಿದ್ದರೆ ಹಣೆ ನೋಡಿ.

ನಮ್ಮ ಮದುಮಗಳ ಕೆನ್ನೆ, ಸರಿಯಾದ ಎಡಿಟ್‌ನಲ್ಲಿ, ಕೆಂಪು 150, ಹಸಿರು 108, ನೀಲಿ 84 ಇದೆ ಎಂದುಕೊಳ್ಳಿ. Lab ನಲ್ಲಿ ಅದು ಸುಮಾರು L 49, a 14, b 20. L ಎಂದರೆ ಬೆಳಕು, a ಎಂದರೆ ಕೆಂಪಿನ ಕಡೆಗಿನ ವಾಲು, b ಎಂದರೆ ಹಳದಿಯ ಕಡೆಗಿನ ವಾಲು. ರಾತ್ರಿ ಫೋನಿನಲ್ಲಿ ನೀಲಿಗೆ ಎಳೆದ ಫೈಲಿನಲ್ಲಿ ಅದೇ ಜಾಗ 142, 110, 104 ಆಗಿದೆ. ಈಗ L 49 ಹಾಗೇ ಇದೆ, a 12, ಆದರೆ b 8. ಬೆಳಕು ಒಂದಿಷ್ಟೂ ಕಡಿಮೆಯಾಗಿಲ್ಲ, ಹಳದಿ ಅರ್ಧಕ್ಕಿಂತ ಕೆಳಗೆ ಹೋಗಿದೆ. ಮನೆಯವರು ಇದನ್ನೇ "ಹುಡುಗಿ ಕಪ್ಪಗೆ ಬಂದಿದ್ದಾಳೆ" ಅನ್ನುವುದು. ಆಗ ನಾವು ಮಾಡುವುದೇನು? ಇನ್ನಷ್ಟು ಬ್ರೈಟ್ ಮಾಡಿ ಬೆಳ್ಳಗೆ ಮಾಡುತ್ತೇವೆ. ಅದರಿಂದ ಕಳೆ ಬರುವುದಿಲ್ಲ, ಬೂದಿ ಇನ್ನೂ ಬಿಳಿಬೂದಿಯಾಗುತ್ತದೆ. ಆಕೆಯ ಮುಖಕ್ಕೆ ಬೇಕಾದದ್ದು ಆಕೆಯ ಹಳದಿ. ಗೋಧಿಬಣ್ಣದವರಿಗೂ ಎಣ್ಣೆಗೆಂಪಿನವರಿಗೂ ಸಾಮಾನ್ಯ ಬೆಳಕಿನಲ್ಲಿ b ಯು a ಗಿಂತ ಸ್ವಲ್ಪ ಹೆಚ್ಚಿರಬೇಕು. b ಯು a ಗಿಂತ ಕೆಳಗೆ ಬಿದ್ದರೆ ಅನುಮಾನ ಪಡಿ. ಅರಿಶಿನ ಶಾಸ್ತ್ರದ ಫೋಟೋಗೆ ಈ ಲೆಕ್ಕ ಹಾಕಬೇಡಿ, ಅಲ್ಲಿ ನಿಜವಾಗಿಯೂ ಅರಿಶಿನ ಇರುತ್ತದೆ.

ಅಂಕಿ ಒಂದು ಕಾವಲು ಮಾತ್ರ. ಇಡೀ ಆಲ್ಬಂ ಅಂಕಿ ನೋಡಿಕೊಂಡೇ ಮಾಡಲಾಗದು, ಅದಕ್ಕೇ ಕ್ಯಾಲಿಬ್ರೇಟ್ ಮಾಡಿದ ಮಾನಿಟರ್ ಬೇಕು. ಕಲರಿಮೀಟರ್ ಎನ್ನುವ ಈ ಪುಟ್ಟ ಉಪಕರಣವನ್ನು ತೆರೆಗೆ ಅಂಟಿದಂತೆ ನೇತುಹಾಕುತ್ತೇವೆ. ಸಾಫ್ಟ್‌ವೇರ್ ಒಂದೊಂದೇ ಬಣ್ಣ ತೋರಿಸುತ್ತದೆ, ಇದು ಅಳೆಯುತ್ತದೆ, ಕೊನೆಗೆ ಆ ಮಾನಿಟರಿನ ಪ್ರೊಫೈಲ್ ತಯಾರಾಗುತ್ತದೆ. ಅದಕ್ಕೆ ಮುಂಚೆ ಮಾನಿಟರ್ ಅರ್ಧ ಗಂಟೆ ಆನ್ ಆಗಿರಬೇಕು. ಬಿಳಿಗೆ D65, ಗಾಮಾ 2.2, ಬೆಳಕು ಪ್ರತಿ ಚದರ ಮೀಟರಿಗೆ 100 ಕ್ಯಾಂಡೆಲಾ ಇಡಿ. ಮೊದಲ ದಿನ ಇದು ಮಂಕಾಗಿ ಕಾಣುತ್ತದೆ, ಬಹಳ ಜನ ಅಲ್ಲೇ ಗಾಬರಿಯಾಗಿ ಮತ್ತೆ ಬ್ರೈಟ್‌ನೆಸ್ ಏರಿಸಿಬಿಡುತ್ತಾರೆ. ಏರಿಸಬೇಡಿ. ಇದಕ್ಕಿಂತ ಹಲವು ಪಟ್ಟು ಬೆಳಕು ಚೆಲ್ಲುವ ಫೋನಿಗೆ ಕಣ್ಣು ಒಗ್ಗಿಹೋಗಿದೆ, ಅಷ್ಟೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮನೆಯ ಬೆಳಕಿನಲ್ಲಿ ಅದು ಎಷ್ಟು ಹೊಳೆಯುತ್ತದೋ ಅದರ ಹತ್ತಿರಕ್ಕೆ ತೆರೆಯನ್ನು ತರುವುದಕ್ಕೇ ಈ 100.

ಒಂದು ಮಿತಿ ಹೇಳಲೇಬೇಕು. ಅಗ್ಗದ ಲ್ಯಾಪ್‌ಟಾಪ್ ಪ್ಯಾನೆಲ್‌ಗಳು sRGB ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯ ಬಣ್ಣಗಳಲ್ಲಿ ಮೂರನೇ ಎರಡರಷ್ಟನ್ನೂ ತೋರಿಸದೆ ಇರಬಹುದು. ತೆರೆಯಲ್ಲಿ ಇಲ್ಲದ ಬಣ್ಣವನ್ನು ಕ್ಯಾಲಿಬ್ರೇಷನ್ ಹುಟ್ಟಿಸುವುದಿಲ್ಲ. ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಮುಖದ ಬಣ್ಣ ಬದಲಾಗುವ ತೆರೆಯಿದ್ದರೆ ಕಲರಿಮೀಟರಿಗೆ ದುಡ್ಡು ಹಾಕುವ ಮುಂಚೆ ಒಂದು ಐಪಿಎಸ್ ಮಾನಿಟರ್ ಕೊಳ್ಳಿ.

ಫೋನೇ ಗತಿ ಎನ್ನುವವರೂ ಇಲ್ಲಿದ್ದೀರಿ, ನಿಮಗೂ ದಾರಿಯಿದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ Natural ಆಯ್ಕೆ ಮಾಡಿ. ಐಫೋನಾದರೆ True Tone, Night Shift ಎರಡನ್ನೂ ಆಫ್ ಮಾಡಿ. ಆಟೋ ಬ್ರೈಟ್‌ನೆಸ್ ತೆಗೆಯಿರಿ. ಆಮೇಲೆ ನಿಮ್ಮ ಲ್ಯಾಬಿನಿಂದ, "ಕರೆಕ್ಷನ್ ಬೇಡ" ಎಂದು ಹೇಳಿ, ಎರಡು ಮೂರು ಬೇರೆ ಬೇರೆ ಮೈಬಣ್ಣದ ಮುಖಗಳಿರುವ ಒಂದು ಫೈಲನ್ನು 4×6 ಪ್ರಿಂಟ್ ಹಾಕಿಸಿ. ಹಗಲು ಹೊತ್ತು ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಪ್ರಿಂಟಿನ ಪಕ್ಕ ಫೋನಿಟ್ಟು ಅದೇ ಫೈಲ್ ತೆರೆಯಿರಿ. ಎರಡರ ಬೆಳಕೂ ಒಂದೇ ಅನ್ನಿಸುವ ತನಕ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಎಡಿಟ್ ಮಾಡುವುದು ಅದೇ ಜಾಗದಲ್ಲಿ, ಅದೇ ಸೆಟ್ಟಿಂಗಿನಲ್ಲಿ. ಲ್ಯಾಬಿನವರು ಪೇಪರ್ ಬದಲಿಸಿದರೆ ಹೊಸ ಪ್ರಿಂಟ್ ತರಿಸಿಕೊಳ್ಳಿ.

ಐಫೋನಿನ ಫೋಟೋಗಳು ಸಾಮಾನ್ಯವಾಗಿ Display P3 ಎಂಬ ಪ್ರೊಫೈಲಿನಲ್ಲಿರುತ್ತವೆ. ಲ್ಯಾಬಿನ ಮಷಿನ್ ಅದನ್ನು ಗಮನಿಸದೆ sRGB ಎಂದೇ ಓದಿದರೆ ಎಲ್ಲ ಸರಿಯಾಗಿ ಮಾಡಿದ ಎಡಿಟೂ ಸಪ್ಪೆಯಾಗುತ್ತದೆ. ಕಳಿಸುವ ಮುಂಚೆ sRGB ಗೆ ಕನ್ವರ್ಟ್ ಮಾಡಿ. ಬರೀ ಲೇಬಲ್ ಬದಲಿಸಿದರೆ ಸಾಲದು, Convert to Profile ಎಂದೇ ಇರಬೇಕು.

ಲ್ಯಾಪ್‌ಟಾಪ್ ತಂದವರು ಈಗಲೇ ಆನ್ ಮಾಡಿಡಿ, ಬಿಸಿಯಾಗಲಿ. ಟೀ ಆದ ಮೇಲೆ ಒಂದೊಂದಕ್ಕೂ ಕಲರಿಮೀಟರ್ ಹಾಕಿ ನೋಡೋಣ.