ಹಳೆಯದಾಗಿ ಕಾಣಲೆಂದೇ ಮಾಡಿದ ಶೂ: ಫೋಟೋದಲ್ಲಿ ಅಸಲಿ, ನಕಲಿ

ಎಲ್ಲರಿಗೂ ನಮಸ್ಕಾರ.

ಮಾರುವವರು ಕಳಿಸಿದ ಫೋಟೋ ನೋಡಿ ಶೂ ಅಸಲಿಯೋ ನಕಲಿಯೋ ಅಂತ ಹೇಗೆ ತಿಳಿಯುವುದು ಅಂತ ಇವತ್ತು ಒಂದೇ ಒಂದು ಶೂ ತೆಗೆದುಕೊಂಡು ಮಾತಾಡುತ್ತೇನೆ. ನೈಕಿ ಕಂಪನಿಯ ಏರ್ ಜೋರ್ಡಾನ್ 1 ಹೈ, 2022ರಲ್ಲಿ ಬಂದ ‘ಲಾಸ್ಟ್ ಆ್ಯಂಡ್ ಫೌಂಡ್’. ಸ್ಟೈಲ್ ಕೋಡ್ DZ5485-612. ಕೆಂಪು, ಬಿಳಿ, ಕಪ್ಪು ಬಣ್ಣದ ಜೋಡಿ. ಇದನ್ನೇ ಆರಿಸಿದ್ದು ಯಾಕೆಂದರೆ ನಮ್ಮ ಕಣ್ಣನ್ನು ಇದು ಚೆನ್ನಾಗಿ ಏಮಾರಿಸುತ್ತದೆ. ಹಳೇ ಅಂಗಡಿಯ ಗೋದಾಮಿನಲ್ಲಿ ಸಿಕ್ಕ ಶೂ ಹಾಗೆ ಕಾಣಲಿ ಅಂತಲೇ ಕಂಪನಿ ಇದನ್ನು ಮಾಡಿತ್ತು. ಕಣಕಾಲನ್ನು ಸುತ್ತುವ ಮೇಲಂಚು, ಅಂದರೆ ಕಾಲರಿನ ಕಪ್ಪು ಚರ್ಮ ಬಿರುಕು ಬಿಟ್ಟಿದೆ, ಸೋಲ್ ಹಳದಿಗೆ ತಿರುಗಿದೆ. ಬಾಕ್ಸಿನ ಮುಚ್ಚಳಕ್ಕೂ ಡಬ್ಬಿಗೂ ಹೊಂದಾಣಿಕೆಯೇ ಇಲ್ಲ. ಒಳಗೆ ಹಳೇ ರಸೀದಿಯ ತರಹದ ಚೀಟಿ ಬೇರೆ!

ಹಾಗಾಗಿ ಮಾರುವವರು ಬಾಕ್ಸಿನ ಫೋಟೋ ಕಳಿಸಿದಾಗ ‘ಡಬ್ಬಿ ಹಾಳಾಗಿದೆ, ಮುಚ್ಚಳ ಬೇರೆ, ಇದು ಡೂಪ್ಲಿಕೇಟ್’ ಅಂದರೆ ತಪ್ಪಾಗುತ್ತದೆ. ಬಾಕ್ಸಿನಲ್ಲಿ ಮೊದಲು ನೋಡಬೇಕಾದ್ದು ಲೇಬಲ್. ಅದರ ಮೇಲಿನ ಸ್ಟೈಲ್ ಕೋಡ್, ಸೈಜ್ ಎರಡೂ ಶೂ ಒಳಗಿನ ಸೈಜ್ ಚೀಟಿಯ ಜೊತೆ ತಾಳೆಯಾಗಬೇಕು. ಸೈಜುಗಳು ಒಂದಕ್ಕೊಂದು ಸರಿಹೊಂದುತ್ತವಾ ಅಂತಲೂ ನೋಡಿ. ನೈಕಿ ಗಂಡಸರ ಅಳತೆಯಲ್ಲಿ ಯು.ಎಸ್. 9 ಅಂದರೆ ಯು.ಕೆ. 8, ಯೂರೋಪಿನ 42.5, 27 ಸೆಂಟಿಮೀಟರ್. ಇದರಲ್ಲಿ 42.5 ಇರಬೇಕಾದ ಕಡೆ 43 ಅಂತ ಬಿದ್ದಿದ್ದರೆ ಹೆಚ್ಚಿಗೆ ಯೋಚಿಸುವ ಕೆಲಸವೇ ಇಲ್ಲ, ನಕಲಿ. ಆದರೆ ಎಲ್ಲ ತಾಳೆಯಾಯಿತು ಅಂತ ಖುಷಿಪಡುವ ಹಾಗೂ ಇಲ್ಲ. ಅಸಲಿ ಬಾಕ್ಸಿನಲ್ಲಿ ನಕಲಿ ಶೂ ಇಡುವುದು ಕಷ್ಟವಲ್ಲ, ಲೇಬಲ್ ನಕಲು ಮಾಡುವುದೂ ಕಷ್ಟವಲ್ಲ. ನನ್ನ ಮಟ್ಟಿಗೆ ಬಾಕ್ಸ್ ನಕಲಿಯನ್ನು ಹಿಡಿದುಕೊಡಬಹುದು, ಅಸಲಿ ಅಂತ ಸಾಬೀತು ಮಾಡಲಾರದು.

ಇನ್ನು ಲೋಗೋ. ಕಣಕಾಲಿನ ಹತ್ತಿರ, ಕೆಂಪು ಚರ್ಮದ ಮೇಲೆ ರೆಕ್ಕೆ ಇರುವ ಚೆಂಡಿನ ಗುರುತು ಇದೆಯಲ್ಲ, ಅದನ್ನು ಚರ್ಮದೊಳಕ್ಕೆ ಒತ್ತಿರುತ್ತಾರೆ. ನೇರವಾಗಿ ಫ್ಲ್ಯಾಶ್ ಹಾಕಿ ತೆಗೆದರೆ ಆ ಒತ್ತು ಕಾಣುವುದೇ ಇಲ್ಲ, ಬರೀ ಕಪ್ಪು ಬಣ್ಣ ಕಾಣುತ್ತದೆ. ಕಿಟಕಿಯ ಪಕ್ಕ, ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು ತೆಗೆಯಲು ಹೇಳಿ. ಆಗ ಅಂಚುಗಳಿಗೆ ಸಣ್ಣ ನೆರಳು ಬರುತ್ತದೆ. ಆಮೇಲೆ ನಂಬಿಕೆಯ ಜಾಗದಲ್ಲಿ ಸಿಕ್ಕ ಅಸಲಿ ಜೋಡಿಯ ಫೋಟೋ ಪಕ್ಕದಲ್ಲಿಟ್ಟು ಅಕ್ಷರಗಳ ನಡುವಿನ ಸಂದು, ರೆಕ್ಕೆಯ ಗೆರೆಗಳ ದಪ್ಪ ಹೋಲಿಸಿ. ಹೋಲಿಸುವ ಫೋಟೋ ಇದೇ ಕೋಡಿನ ಶೂನದ್ದೇ ಆಗಿರಬೇಕು. ಬೇರೆ ವರ್ಷದ ಜೋರ್ಡಾನ್ 1 ಇಟ್ಟುಕೊಂಡು ಹೋಲಿಸಿದರೆ ಅಸಲಿಯೂ ನಕಲಿಯಾಗಿ ಕಾಣುತ್ತದೆ.

ಹೊಲಿಗೆಯ ವಿಷಯದಲ್ಲಿ ಜಾಸ್ತಿ ಜನ ಹುಡುಕುವುದು ಬಿಟ್ಟುಹೋದ ದಾರವನ್ನು. ಅಯ್ಯೋ, ಅಸಲಿ ಶೂನಲ್ಲೂ ದಾರ ಬಿಟ್ಟಿರುತ್ತದೆ, ಅಂಟು ಮೆತ್ತಿರುತ್ತದೆ. ಅದಕ್ಕಿಂತ ಹೊಲಿಗೆ ಎಣಿಸುವುದು ಮೇಲು. ಎರಡು ಗುರುತು ಹಿಡಿಯಿರಿ, ಉದಾಹರಣೆಗೆ ಲೇಸಿನ ಮೊದಲ ತೂತು ಮತ್ತು ಮೂರನೆಯ ತೂತು. ಅವುಗಳ ನೇರಕ್ಕೆ ಅಂಚಿನಲ್ಲಿ ಎಷ್ಟು ಹೊಲಿಗೆ ಇವೆ ಅಂತ ಎರಡೂ ಫೋಟೋಗಳಲ್ಲಿ ಎಣಿಸಿ. ಸೆಂಟಿಮೀಟರ್ ಅಳೆಯಲು ಹೋಗಬೇಡಿ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೋದಲ್ಲಿ ಶೂನ ಮೂತಿ ಊದಿಕೊಂಡು ಕಾಣುತ್ತದೆ, ಅಳತೆ ಕೆಟ್ಟುಹೋಗುತ್ತದೆ. ಎಣಿಕೆ ಕೆಡುವುದಿಲ್ಲ. ಒಂದು ಹೊಲಿಗೆ ಹೆಚ್ಚುಕಮ್ಮಿ ಇದ್ದರೆ ಬಿಟ್ಟುಬಿಡಿ. ನಾಲ್ಕೈದು ಹೊಲಿಗೆಯ ವ್ಯತ್ಯಾಸ ಎರಡು ಕಾಲಿನಲ್ಲೂ ಕಂಡರೆ ಅನುಮಾನ ಪಡಲೇಬೇಕು. ದಾರವಿಲ್ಲದ ಸೂಜಿತೂತುಗಳ ಸಾಲು ಕಂಡರೆ ಒಮ್ಮೆ ತಪ್ಪಿ ಮತ್ತೆ ಹೊಲಿದಿದ್ದಾರೆ ಅಂತ ಅರ್ಥ. ಸಾಧ್ಯವಾದರೆ ಇನ್‌ಸೋಲ್ ಎತ್ತಿ ಒಳಗಿನ ಸುತ್ತುಹೊಲಿಗೆಯ ಫೋಟೋವನ್ನೂ ಕೇಳಿ. ಹೊರಗೆ ಅಂದಗಾಣಿಸಿದವರು ಅಲ್ಲಿ ಅಷ್ಟು ತಲೆಕೆಡಿಸಿಕೊಂಡಿರುವುದಿಲ್ಲ.

ಒಂದು ಮುಖ್ಯ ವಿಷಯ. ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಅಂತ ಕಳಿಸಿದರೆ ಹೊಲಿಗೆಯೆಲ್ಲ ಮಸುಕಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಬಣ್ಣವನ್ನಂತೂ ಫೋಟೋ ನೋಡಿ ತೀರ್ಮಾನಿಸಲೇಬೇಡಿ. ಟ್ಯೂಬ್‌ಲೈಟ್ ಕೆಳಗೆ ಒಂದು ಕೆಂಪು, ಬಿಸಿಲಲ್ಲಿ ಇನ್ನೊಂದು ಕೆಂಪು.

ಈಗ ಆ ಬಿರುಕುಗಳಿಗೆ ಬರೋಣ. ಪ್ರತಿ ಜೋಡಿಯಲ್ಲೂ ಬಿರುಕು ಬೇರೆ ಬೇರೆ ಥರ ಬಿಟ್ಟಿರುತ್ತದೆ. ಕೆಲವದರಲ್ಲಿ ಕಮ್ಮಿ, ಕೆಲವದರಲ್ಲಿ ವಿಪರೀತ. ಹಾಗಾಗಿ ಅಸಲಿ ಫೋಟೋದ ಬಿರುಕಿನ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಆದರೆ ಇನ್ನೊಂದು ಕೆಲಸಕ್ಕೆ ಅದು ಬಹಳ ಚೆನ್ನಾಗಿ ಬರುತ್ತದೆ. ಮಾರುವವರು ಕಳಿಸಿದ ಫೋಟೋಗಳೆಲ್ಲ ಒಂದೇ ಜೋಡಿಯದ್ದಾ ಅನ್ನುವುದಕ್ಕೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಆರು ಫೋಟೋ ಬಂದಿವೆ. ಲೇಬಲ್ ಸರಿ, ರೆಕ್ಕೆ ಗುರುತು ಸರಿ, ಎಣಿಕೆಯೂ ಸರಿ. ಎಡಗಾಲಿನ ಕಾಲರನ್ನು ದೊಡ್ಡದು ಮಾಡಿ ನೋಡಿದರೆ, ಎರಡನೇ ಫೋಟೋದಲ್ಲಿ ಮೇಲಿನ ಅಂಚಿಗೆ ಕವಲೊಡೆದ ಬಿರುಕೊಂದಿದೆ. ಐದನೇ ಫೋಟೋದಲ್ಲಿ ಅದೇ ಎಡಗಾಲು, ಅದೇ ಕೋನ, ಅಲ್ಲಿ ಬಿರುಕೇ ಇಲ್ಲ. ಬಂದ ಬಿರುಕು ಮಾಯವಾಗುವುದಿಲ್ಲ ಅಲ್ವಾ? ಅಂದರೆ ಅಸಲಿ ಜೋಡಿಯ ಒಳ್ಳೇ ಫೋಟೋಗಳನ್ನು ಎಲ್ಲಿಂದಲೋ ತಂದು ಇದರ ಜೊತೆ ಸೇರಿಸಿದ್ದಾರೆ. ನೀವು ಎಣಿಸಿದ್ದು ಒಂದು ಶೂನ ಹೊಲಿಗೆ, ಮನೆಗೆ ಬರುವುದು ಇನ್ನೊಂದು ಶೂ. ಇಂಥ ಕಡೆ ಕಾಗದದ ಮೇಲೆ ಇವತ್ತಿನ ತಾರೀಖು ಬರೆದು, ಎಡಗಾಲಿನ ಕಾಲರ್ ಪಕ್ಕ ಇಟ್ಟು ಹೊಸ ಫೋಟೋ ತೆಗೆದು ಕಳಿಸಿ ಅನ್ನಿ. ಬಂದರೆ ಬಿರುಕು ಹೋಲಿಸಿ. ‘ನಂಬಿಕೆ ಇಲ್ವಾ ಸರ್’ ಅಂತ ಉತ್ತರ ಬಂದರೆ ಮುಂದಕ್ಕೆ ಹೋಗಬೇಡಿ.