ಎಂಟೋ, ಇಪ್ಪತ್ತನಾಲ್ಕೋ?

ಬದಿಯಡ್ಕದ ಮನೆ ಜಗಲಿ. ಹೊರಗೆ ಜೋರು ಮಳೆ. ಪ್ಲಸ್ ಟು ಓದುವ ಅಕ್ಕನ ಮಗಳು ನೋಟ್ ಬುಕ್ ಹಿಡಿದು ಬಂದಳು. "ಚಿಕ್ಕಮ್ಮ, ಎರಡು ಉತ್ತರ ಬರ್ತಿದೆ. ಯಾವುದು ಸರಿ?"

ಲೆಕ್ಕ ಇಷ್ಟೇ. ಎಡಗಡೆ 4 ಮೈಕ್ರೋ ಕೂಲಂಬ್, ಬಲಗಡೆ 1 ಮೈಕ್ರೋ ಕೂಲಂಬ್. ಎರಡೂ ಪಾಸಿಟಿವ್ ಚಾರ್ಜ್. ನಡುವಿನ ದೂರ 12 ಸೆಂ.ಮೀ. ವಿದ್ಯುತ್ ಕ್ಷೇತ್ರ ಸೊನ್ನೆಯಾಗುವ ಜಾಗ ಎಲ್ಲಿ?

ದೊಡ್ಡ ಚಾರ್ಜ್‌ನಿಂದ ಆ ಜಾಗಕ್ಕೆ x ದೂರ ಅಂತ ಇಟ್ಟುಕೊಂಡು ಅವಳು ಬರೆದದ್ದು ಹೀಗೆ:

4/x² = 1/(12−x)²

ಬಿಡಿಸಿದರೆ x² − 32x + 192 = 0. ಉತ್ತರ 8 ಮತ್ತು 24. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ.

ಆದರೆ ಈ ಸಮೀಕರಣ ಕೇಳುವುದು, ಅಲ್ಲೊಂದು ಪಾಸಿಟಿವ್ ಚಾರ್ಜ್ ಇಟ್ಟರೆ ಇವೆರಡರ ತಳ್ಳುವಿಕೆ ಎಲ್ಲಿ ಸಮ ಅಂತ ಮಾತ್ರ. ಯಾವ ದಿಕ್ಕಿಗೆ ತಳ್ಳುತ್ತವೆ ಅಂತ ಅದು ನೋಡುವುದಿಲ್ಲ. 24 ಅಂದರೆ ಸಣ್ಣ ಚಾರ್ಜ್ ದಾಟಿ ಇನ್ನೂ 12 ಸೆಂ.ಮೀ. ಆಚೆ. ಅಲ್ಲಿ ಎರಡೂ ಬಲಕ್ಕೇ ತಳ್ಳುತ್ತವೆ. ಸಮ ಇದ್ದರೂ ಕೂಡಿಕೊಳ್ಳುತ್ತವೆ, ಕಳೆದುಹೋಗುವುದಿಲ್ಲ. ಒಂದು ನೆಗೆಟಿವ್ ಆಗಿದ್ದರೆ ಆ 24 ಸರಿ ಉತ್ತರ ಆಗುತ್ತಿತ್ತು. ಇಲ್ಲಿ 8 ಮಾತ್ರ. ದೊಡ್ಡದರಿಂದ 8, ಸಣ್ಣದರಿಂದ 4. ಸಣ್ಣದರ ಹತ್ತಿರ, ಅಲ್ವಾ? ಅದರ ಬಲ ಕಡಿಮೆ, ಹಾಗಾಗಿ ಸಮ ಮಾಡಬೇಕಾದರೆ ಅದರ ಸಮೀಪವೇ ಹೋಗಬೇಕು.

ಆಮೇಲೆ ಚಿತ್ರ, ಕ್ಷೇತ್ರ ಯಾವ ದಿಕ್ಕಿಗೆ ಅಂತ ತೋರಿಸುವ ಗೆರೆಗಳದ್ದು. ದೊಡ್ಡದರಿಂದ 16 ಗೆರೆ, ಸಣ್ಣದರಿಂದ 4. ಚಾರ್ಜ್ ಎಷ್ಟು ಪಟ್ಟೋ ಗೆರೆಯೂ ಅಷ್ಟು ಪಟ್ಟು. ಅವಳು ಸಣ್ಣದರ ನಾಲ್ಕನ್ನು ಪ್ಲಸ್ ಆಕಾರದಲ್ಲಿ ಎಳೆದಳು. ಒಂದು ಗೆರೆ ನೇರ ದೊಡ್ಡದರ ಕಡೆ ಹೋಗಿ, ಎದುರಿನಿಂದ ಬಂದ ಗೆರೆಗೆ ಡಿಕ್ಕಿ ಹೊಡೆಯಿತು. ಉಜ್ಜಿ ಉಜ್ಜಿ ಕಾಗದ ತೆಳ್ಳಗಾಯಿತು. ಎರಡು ಚಾರ್ಜ್ ಸೇರಿಸುವ ಸಾಲಿನ ಮೇಲೆ ಗೆರೆ ಬೀಳದ ಹಾಗೆ ಸ್ವಲ್ಪ ತಿರುಗಿಸಿ ಶುರು ಮಾಡು ಅಂದೆ. ನಾಲ್ಕನ್ನು ಗುಣಾಕಾರ ಚಿಹ್ನೆಯ ಹಾಗೆ ಓರೆಯಾಗಿ ಹೊರಡಿಸಿದಳು.

ಈಗ ನೋಡಿ. ದೊಡ್ಡದರ ಕಡೆ ಮುಖ ಮಾಡಿದ ಎರಡು ಗೆರೆಗಳು ಸ್ವಲ್ಪ ಮುಂದೆ ಹೋಗಿ, ಮೇಲಕ್ಕೂ ಕೆಳಕ್ಕೂ ಬಾಗಿ, ಬಲಕ್ಕೆ ವಾಪಸ್ ತಿರುಗುತ್ತವೆ. ದೊಡ್ಡದರ ಗೆರೆಗಳು ಅವುಗಳ ಹೊರಗಿಂದ ಸುತ್ತಿ ಹೋಗುತ್ತವೆ. ಎಲ್ಲಿಯೂ ಒಂದನ್ನೊಂದು ದಾಟುವುದಿಲ್ಲ. 8 ಸೆಂ.ಮೀ. ಗುರುತಿನ ಸುತ್ತ ಗೆರೆಯಿಲ್ಲದ ಸಣ್ಣ ಜಾಗ ತನ್ನಿಂತಾನೇ ಉಳಿಯುತ್ತದೆ. ಬಹಳ ದೂರ ಹೋದರೆ ಎಲ್ಲ ಗೆರೆಗಳೂ 5 ಮೈಕ್ರೋ ಕೂಲಂಬ್‌ನ ಒಂದೇ ಚಾರ್ಜ್‌ನಿಂದ ಬಂದ ಹಾಗೆ ಹರಡಿಕೊಳ್ಳುತ್ತವೆ.

ಅವಳು ಆ ಖಾಲಿ ಜಾಗದಲ್ಲಿ ಪೆನ್ಸಿಲ್ ತುದಿ ಇಟ್ಟು ಕೇಳಿದಳು, "ಇಲ್ಲಿ ಒಂದು ಪಾಸಿಟಿವ್ ಚಾರ್ಜ್ ಇಟ್ಟರೆ ಸುಮ್ನೆ ಕೂರುತ್ತದಾ?" ಇಟ್ಟಲ್ಲೇ ಕೂರುತ್ತದೆ. ಎಡಕ್ಕೋ ಬಲಕ್ಕೋ ಸರಿಸಿದರೆ ವಾಪಸ್ ಬರುತ್ತದೆ. ಆದರೆ ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರೂ ಸಾಕು, ಮೇಲಕ್ಕೇ ಓಡಿಹೋಗುತ್ತದೆ. ಅವಳು ಆ ಜಾಗದಿಂದ ಮೇಲಕ್ಕೊಂದು, ಕೆಳಕ್ಕೊಂದು ಸಣ್ಣ ಬಾಣ ಹಾಕಿದಳು.